78 ಸಾವಿರ ಸಂಬಳ, 10 ಲಕ್ಷ ಸಾಲ ಕೊಡ್ತೀವಿ ಅಂತ ಬ್ಯಾಂಕ್ ಹೇಳ್ತಿದೆ. ತಗೊಳ್ಳಬಹುದಾ?

ಸುಮಾ, ದಾವಣಗೆರೆ (ಏಪ್ರಿಲ್ 12)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಮೂರು ವಾರದಿಂದ ಇದೇ ಮಾತು, ತಲೆ ಕೆಟ್ಟು ಹೋಗಿದೆ. ದಯವಿಟ್ಟು ಸಹಾಯ ಮಾಡಿ.

ನಾನೂ ನಮ್ಮ ಯಜಮಾನರೂ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಇಬ್ಬರದೂ ಸೇರಿ ಕೈಗೆ ಬರುವುದು 78,000. ಮನೆ ಸಾಲದ ಕಂತು 21,500. ಮನೆ ಖರ್ಚು ಸುಮಾರು 31,000. ಆರ್‌ಡಿ ಮತ್ತು ಮಗಳ ಸುಕನ್ಯಾ ಖಾತೆಗೆ 8,500. ಉಳಿಯುವುದು 17,000. ಎಫ್‌ಡಿಯಲ್ಲಿ ಮೂರೂವರೆ ಲಕ್ಷ ಇದೆ.

ಅತ್ತೆಗೆ ಮಂಡಿ ನೋವು ಜಾಸ್ತಿಯಾಗಿದೆ. ವಾರಕ್ಕೆ ಎರಡು ಸಲ ಫಿಸಿಯೋಥೆರಪಿ. ಆಟೋ ಹತ್ತಿ ಇಳಿಯುವಷ್ಟರಲ್ಲಿ ಅವರ ಕಣ್ಣಲ್ಲಿ ನೀರು ಬರುತ್ತೆ. ಊರು ಹೊನ್ನಾಳಿ ಹತ್ತಿರ, ತಿಂಗಳಿಗೆ ಎರಡು ಸಲ ಹೋಗಿ ಬರಬೇಕು. ಎಲ್ಲ ಸೇರಿ ತಿಂಗಳಿಗೆ 700 ಕಿಲೋಮೀಟರ್ ಓಡಬಹುದು.

ಶೋರೂಮ್‌ನಲ್ಲಿ ನೋಡಿದ ಗಾಡಿ ಎಕ್ಸ್-ಶೋರೂಮ್ 9 ಲಕ್ಷ, ಆನ್‌ರೋಡ್ 10,86,000. "ಬ್ಯಾಂಕ್ 10 ಲಕ್ಷ ಕೊಡುತ್ತೆ ಮೇಡಂ, ಕೈಯಿಂದ 86 ಸಾವಿರ ಹಾಕಿದರೆ ಸಾಕು" ಅಂದರು. 9.5 ಬಡ್ಡಿ, 7 ವರ್ಷ, ಕಂತು 16,344. ನಮ್ಮಲ್ಲಿ 17,000 ಉಳಿಯುತ್ತೆ. ಸರಿಯಾಗಿ ಕೂತಿತು ಅಂತ ಯಜಮಾನರು. ನನಗೆ ಯಾಕೋ ಧೈರ್ಯ ಬರುತ್ತಿಲ್ಲ.

ಇರ್ಫಾನ್, ಹುಬ್ಬಳ್ಳಿ

ಮೇಡಂ, ಸಿಎನ್‌ಜಿ ತಗೊಳ್ಳಿ. ನಾನು ಎರಡು ವರ್ಷದಿಂದ ಓಡಿಸುತ್ತಿದ್ದೇನೆ. ಪೆಟ್ರೋಲ್‌ಗೆ ಹೋಲಿಸಿದರೆ ಕಿಲೋಮೀಟರಿಗೆ 3 ರೂಪಾಯಿ ಉಳಿಯುತ್ತೆ. ಕಣ್ಣು ಮುಚ್ಚಿ ತಗೊಳ್ಳಿ.

ಕಿರಣ್, ಬೆಂಗಳೂರು

ಇದಕ್ಕೆ 20-4-10 ಅಂತ ನಿಯಮ ಇದೆ. 20 ಪರ್ಸೆಂಟ್ ಕೈಯಿಂದ, 4 ವರ್ಷದ ಒಳಗೆ ಸಾಲ ಮುಗಿಯಬೇಕು, ಕಾರಿನ ಪೂರ್ತಿ ಖರ್ಚು ಆದಾಯದ 10 ಪರ್ಸೆಂಟ್ ದಾಟಬಾರದು. ನಿಮಗೆ 10 ಪರ್ಸೆಂಟ್ ಅಂದರೆ 7,800. ಪೆಟ್ರೋಲ್‌ಗೇ 5,000 ಹತ್ತಿರ ಹೋಗುತ್ತೆ. ಹಾಗಾಗಿ ಈ ಕಾರಲ್ಲ, ಯಾವ ಕಾರೂ ಆಗಲ್ಲ.

ಗುರುಪ್ರಸಾದ್, ಶಿವಮೊಗ್ಗ

ಸುಮಾ ಅವರೇ, ಬ್ಯಾಂಕಿನ ಸಾಲ ವಿಭಾಗದಲ್ಲಿ 19 ವರ್ಷ ಕೂತವನು ನಾನು. ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಬ್ಯಾಂಕ್ 10 ಲಕ್ಷ ಕೊಡುತ್ತೆ ಅಂದರೆ ನಿಮಗೆ 10 ಲಕ್ಷದ ಶಕ್ತಿ ಇದೆ ಅಂತಲ್ಲ. ಎಲ್ಲ ಕಂತುಗಳು ಸೇರಿ ಕೈಗೆ ಬರುವ ಸಂಬಳದ ಅರ್ಧ ದಾಟುತ್ತಾ ಅಂತ ನಾವು ನೋಡುತ್ತಿದ್ದೆವು. 21,500ಕ್ಕೆ 16,344 ಸೇರಿಸಿದರೆ 37,844. ಅದು 78,000ದ ಅರ್ಧಕ್ಕಿಂತ ಒಂದು ಸಾವಿರ ಕಡಿಮೆ. ಅರ್ಜಿ ಪಾಸ್. ಆ ಲೆಕ್ಕದಲ್ಲಿ ಪೆಟ್ರೋಲ್ ಇಲ್ಲ, ಟೈರ್ ಇಲ್ಲ, ಅತ್ತೆಯ ಫಿಸಿಯೋಥೆರಪಿಯೂ ಇಲ್ಲ.

ಈಗ ನಿಮ್ಮ ಗಾಡಿ ಮನೆ ಮುಂದೆ ಬಂತು ಅಂತಿಟ್ಟುಕೊಳ್ಳಿ. 700 ಕಿಲೋಮೀಟರ್, ಊರೊಳಗೆ ಹೊರಗೆ ಸೇರಿ ಲೀಟರಿಗೆ 15 ಕೊಟ್ಟರೆ, ಲೀಟರಿಗೆ 103 ರೂಪಾಯಿ ಹಿಡಿದು ಪೆಟ್ರೋಲ್ 4,800. ಇನ್ಶೂರೆನ್ಸ್ ಎರಡನೇ ವರ್ಷದಿಂದ ನೀವೇ ಕಟ್ಟಬೇಕು. ಥರ್ಡ್ ಪಾರ್ಟಿ ಮೊದಲೇ 3 ವರ್ಷಕ್ಕೆ ಕಟ್ಟಿರುತ್ತೀರಿ, ಉಳಿದದ್ದಕ್ಕೆ ವರ್ಷಕ್ಕೆ 18,000 ಅಂದರೆ ತಿಂಗಳಿಗೆ 1,500. ಸರ್ವಿಸ್‌ಗೆ 800. ಟೈರ್ ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು, ನಾಲ್ಕಕ್ಕೆ 24,000. ತಿಂಗಳಿಗೆ 400 ಎತ್ತಿಡಬೇಕು. ಬ್ಯಾಟರಿಗೆ 100, ಟೋಲ್ ಪಾರ್ಕಿಂಗ್ ತೊಳೆಯುವುದಕ್ಕೆ 700, ಸಣ್ಣಪುಟ್ಟ ಗೀರು ರಿಪೇರಿಗೆ 500. ಒಟ್ಟು 8,800.

ಕಂತು ಸೇರಿದರೆ 25,000 ದಾಟಿತು. ಈಗ ಆಟೋಗೆ ಸ್ಕೂಟರಿಗೆ ಹೋಗುವುದರಲ್ಲಿ 2,500 ಉಳಿಯುತ್ತೆ ಅಂತ ಇಟ್ಟುಕೊಂಡರೂ ತಿಂಗಳಿಗೆ 22,600 ಬೇಕು. ನಿಮ್ಮ ಹತ್ತಿರ ಇರುವುದು 17,000. ಆ 5,600 ಎಲ್ಲಿಂದ ಬರುತ್ತೆ? ಆರ್‌ಡಿಯಿಂದ, ಮಗಳ ಖಾತೆಯಿಂದ.

ಕಿರಣ್ ಹೇಳಿದ 20 ಮತ್ತು 4 ಒಳ್ಳೆಯ ಮಾತು. 10 ಮಾತ್ರ ನಮಗೆ ಕೂರಲ್ಲ. ಅದು ಅಮೆರಿಕದ ಲೆಕ್ಕ. ಅಲ್ಲಿನ ಸಂಬಳಕ್ಕೂ ಕಾರಿನ ಬೆಲೆಗೂ ಇರುವ ಅಂತರವೇ ಬೇರೆ. ಮನೆ ಸಾಲ ಇದೆಯೋ ಇಲ್ಲವೋ ಅನ್ನುವುದೂ ಆ 10ಕ್ಕೆ ಗೊತ್ತಿಲ್ಲ. ಪರ್ಸೆಂಟ್ ಬಿಡಿ, ತಿಂಗಳ ಕೊನೆಗೆ ಉಳಿಯುವ ಹಣದಿಂದ ಹಿಂದಕ್ಕೆ ಬನ್ನಿ.

ಮಂಜುನಾಥ್, ಹಾಸನ

ಗುರುಪ್ರಸಾದ್ ಸರ್, ಒಂದು ಮಾತು. 7 ವರ್ಷ ತಗೊಳ್ಳುವುದರಲ್ಲಿ ತಪ್ಪೇನಿದೆ? 5 ವರ್ಷ ಮಾಡಿದರೆ ಇದೇ 10 ಲಕ್ಷಕ್ಕೆ ಕಂತು 21,000 ಆಗುತ್ತೆ. 7 ಮಾಡಿ, ಬೋನಸ್ ಬಂದಾಗಲೆಲ್ಲ ಕಟ್ಟುತ್ತಾ ಹೋದರೆ 4 ವರ್ಷಕ್ಕೇ ಮುಗಿಯುತ್ತೆ. ಕಷ್ಟ ಬಂದರೆ ಸಣ್ಣ ಕಂತು ಕಾಯುತ್ತೆ. ನಾನು ಹಾಗೇ ಮಾಡಿ ಮುಗಿಸಿದ್ದೇನೆ.

ಗುರುಪ್ರಸಾದ್, ಶಿವಮೊಗ್ಗ

ಮಂಜುನಾಥ್, ನಿಮ್ಮ ಕೈಲಿ ಆಯಿತು, ಸಂತೋಷ. ಆದರೆ ಎರಡು ವಿಷಯ ನೋಡಬೇಕು. ಕಾರ್ ಸಾಲ ಹೆಚ್ಚಾಗಿ ಫಿಕ್ಸೆಡ್ ಬಡ್ಡಿಯದು. ಮುಂಚೆ ಕಟ್ಟಿದರೆ ಚಾರ್ಜ್ ಹಾಕುವುದು, ಮೊದಲ ವರ್ಷ ಭಾಗಶಃ ಕಟ್ಟುವುದಕ್ಕೇ ಬಿಡದಿರುವುದು, ಇವೆಲ್ಲ ಕರಾರಿನಲ್ಲಿ ಇರುತ್ತವೆ. ಸಹಿ ಹಾಕುವ ಮೊದಲು ಬ್ಯಾಂಕಿನವರು ಕೆಎಫ್‌ಎಸ್ ಅಂತ ಸಾಲದ ಮುಖ್ಯ ವಿವರಗಳ ಒಂದು ಹಾಳೆ ಕೊಡಲೇಬೇಕು, 2024ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಈ ಚಾರ್ಜ್ ಅದರಲ್ಲೇ ಬರೆದಿರುತ್ತೆ. ಕೇಳಿ ಇಸ್ಕೊಳ್ಳಿ.

ಇನ್ನೊಂದು, ಬೋನಸ್ ಬರುವ ಮನೆ ಬೇರೆ, ಬರದ ಮನೆ ಬೇರೆ. 7 ವರ್ಷ ಪೂರ್ತಿ ಕಟ್ಟಿದರೆ ಸುಮಾ ಅವರು 10 ಲಕ್ಷಕ್ಕೆ ಕೊಡುವುದು 13,72,900. ಮೊದಲ ಕಂತಿನ 16,344ರಲ್ಲಿ 7,917 ಬಡ್ಡಿಗೇ ಹೋಗುತ್ತೆ. ಅಸಲು ನಿಧಾನವಾಗಿ ಕರಗುತ್ತೆ, ಗಾಡಿಯ ಬೆಲೆ ಬೇಗ ಕರಗುತ್ತೆ. ತೊಂದರೆ ಇರುವುದು ಅಲ್ಲೇ.

ಶ್ರೀದೇವಿ, ಬೆಳಗಾವಿ

ಆ ತೊಂದರೆಯಲ್ಲಿ ಸಿಕ್ಕಿಹಾಕಿಕೊಂಡವಳು ನಾನು. ನೋವಿನ ಕಥೆ, ಆದರೂ ಹೇಳುತ್ತೇನೆ. ಇನ್ನೊಬ್ಬರಿಗಾದರೂ ತಪ್ಪಲಿ.

ನಮ್ಮ ಗಾಡಿ ಆನ್‌ರೋಡ್ 9,60,000. ಕೈಯಿಂದ 60,000, ಸಾಲ 9 ಲಕ್ಷ, 9.5 ಬಡ್ಡಿ, 7 ವರ್ಷ. ಕಂತು 14,710. ಒಂದು ತಿಂಗಳೂ ತಪ್ಪಿಸಲಿಲ್ಲ. ಎರಡೂವರೆ ವರ್ಷಕ್ಕೆ ನಮ್ಮವರ ಕೆಲಸ ಹೋಯಿತು. ಗಾಡಿ ಮಾರೋಣ ಅಂತ ಬ್ಯಾಂಕಿಗೆ ಹೋದೆವು. ಬಾಕಿ ಎಷ್ಟು ಅಂತ ಕೇಳಿದರೆ ಅಲ್ಲಿನ ಹುಡುಗ ಪ್ರಿಂಟ್ ತೆಗೆದು ಕೊಟ್ಟ. 6,44,300. ನಾನು ಎರಡು ಸಲ ಓದಿದೆ. ಆವರೆಗೆ ಕಟ್ಟಿದ್ದು 4,41,300. ಅದರಲ್ಲಿ ಅಸಲಿಗೆ ಹೋಗಿದ್ದು ಎರಡೂವರೆ ಲಕ್ಷ ಚಿಲ್ಲರೆ ಅಷ್ಟೇ.

ಗಾಡಿಗೆ ಸಿಕ್ಕ ಅತಿ ಹೆಚ್ಚಿನ ಬೆಲೆ 5,40,000. ಸಾಲ ತೀರಿಸಿ ಎನ್‌ಒಸಿ ತರದೆ ಆರ್‌ಸಿ ವರ್ಗ ಆಗಲ್ಲ. ಕೊರತೆ 1,04,300. ಮೇಲೆ ಮುಂಚೆ ತೀರಿಸಿದ್ದಕ್ಕೆ 3 ಪರ್ಸೆಂಟ್, ಅದರ ಮೇಲೆ ಜಿಎಸ್‌ಟಿ, ಸುಮಾರು 22,800. ನನ್ನ ಎರಡು ಬಳೆ ಅಡ ಇಟ್ಟು, ನಮ್ಮ ಕಾರನ್ನು ಬೇರೆಯವರಿಗೆ ಕೊಟ್ಟೆವು.

ಸುಮಾ, ಕೆಲಸ ಇರುವಾಗ ಕಂತು ಕಟ್ಟಬಹುದು. ಗಾಡಿ ಮಾರಬೇಕಾದ ದಿನ ಬಾಕಿಗಿಂತ ಬೆಲೆ ಜಾಸ್ತಿ ಇರುತ್ತಾ, ಅದನ್ನು ನೋಡಿ.

ಸುಮಾ, ದಾವಣಗೆರೆ

ಶ್ರೀದೇವಿ ಅಕ್ಕ, ಓದಿ ಮನಸ್ಸು ಭಾರವಾಯಿತು. ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್.

ಗುರುಪ್ರಸಾದ್ ಸರ್, ಹಿಂದಕ್ಕೆ ಬನ್ನಿ ಅಂದಿರಲ್ಲ, ಅದನ್ನು ನಮ್ಮದೇ ಲೆಕ್ಕದಲ್ಲಿ ತೋರಿಸುತ್ತೀರಾ?

ಗುರುಪ್ರಸಾದ್, ಶಿವಮೊಗ್ಗ

ಖಂಡಿತ. ಒಂದು ಹಾಳೆ ತಗೊಳ್ಳಿ, ಯಜಮಾನರನ್ನೂ ಕೂರಿಸಿಕೊಳ್ಳಿ.

ಉಳಿಯುವುದು 17,000. ಆಟೋ, ಸ್ಕೂಟರ್ ಖರ್ಚು ತಪ್ಪುವುದರಿಂದ 2,500. ಒಟ್ಟು 19,500. ಇದರಲ್ಲಿ 2,500 ಮುಟ್ಟಬೇಡಿ. ಮದುವೆ ಮುಂಜಿ, ಜ್ವರ, ಫ್ರಿಜ್ ಕೆಡುವುದು, ಎಲ್ಲ ಅದರಲ್ಲಿ. ಕಾರಿಗೆ ಉಳಿದದ್ದು 17,000. ಸಾಲದ ಕಂತು ಆಮೇಲೆ, ಮೊದಲು ಓಡಿಸುವ ಖರ್ಚು ಕಳೆಯಬೇಕು. ಸಣ್ಣ ಕಾರಾದರೆ ಲೀಟರಿಗೆ 18 ಸಿಗುತ್ತೆ, ಇನ್ಶೂರೆನ್ಸ್ ಟೈರ್ ಎಲ್ಲ ಸ್ವಲ್ಪ ಅಗ್ಗ. 7,500 ಹಿಡಿಯಿರಿ. ಕಂತಿಗೆ ಉಳಿಯಿತು 9,500.

9.5 ಬಡ್ಡಿಗೆ 5 ವರ್ಷಕ್ಕೆ, ಲಕ್ಷಕ್ಕೆ 2,100 ಕಂತು. 9,500ಕ್ಕೆ ನಾಲ್ಕೂವರೆ ಲಕ್ಷ ಸಾಲ. ಎಫ್‌ಡಿಯ ಮೂರೂವರೆಯಲ್ಲಿ ಒಂದೂವರೆ ಲಕ್ಷ ಬಿಟ್ಟುಬಿಡಿ. ಮನೆ ಕಂತು, ಮನೆ ಖರ್ಚು ಮೂರು ತಿಂಗಳು ನಡೆಯುವಷ್ಟು ಅದು. ಎರಡು ಲಕ್ಷ ಕಾರಿಗೆ ಹಾಕಿ. ಒಟ್ಟು ಆನ್‌ರೋಡ್ ಆರೂವರೆ ಲಕ್ಷ.

ಇದನ್ನು ಎಕ್ಸ್-ಶೋರೂಮ್ ಬೆಲೆ ಅಂದುಕೊಳ್ಳಬೇಡಿ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಗಾಡಿಗೆ ರಸ್ತೆ ತೆರಿಗೆ 14 ಪರ್ಸೆಂಟ್. ಆ ತೆರಿಗೆಯ ಮೇಲೆ 11 ಪರ್ಸೆಂಟ್ ಸೆಸ್. ಸೇರಿಸಿದರೆ 15.54. ಇನ್ಶೂರೆನ್ಸೂ ತೆಗೆದರೆ ನೀವು ನೋಡಬೇಕಾದ್ದು ಎಕ್ಸ್-ಶೋರೂಮ್ 5,35,000ದ ಆಸುಪಾಸಿನ ಗಾಡಿ.

ಮಂಜುನಾಥ್, ಹಾಸನ

ತೆರಿಗೆ ಮಾತು ಬಂದಿದ್ದರಿಂದ ಹೇಳುತ್ತೇನೆ, ಬೇರೆಯವರಿಗೆ ಉಪಯೋಗ ಆಗಬಹುದು. 10 ಲಕ್ಷ ದಾಟಿದರೆ 14 ಇದ್ದದ್ದು 17 ಆಗುತ್ತೆ, ದಾಟಿದ ಭಾಗಕ್ಕೆ ಮಾತ್ರ ಅಲ್ಲ, ಪೂರ್ತಿ ಬೆಲೆಗೆ. ನನ್ನ ತಮ್ಮ 9,95,000ದ ಮಾಡೆಲ್ ಬಿಟ್ಟು "ಇಪ್ಪತ್ತು ಸಾವಿರ ತಾನೆ" ಅಂತ 10,15,000ದ ಮಾಡೆಲ್ ಬುಕ್ ಮಾಡಿದ. ತೆರಿಗೆಯೇ 37,000 ಹತ್ತಿರ ಜಾಸ್ತಿ ಬಂತು. ಇಪ್ಪತ್ತು ಸಾವಿರ ಹೋಗಿ 57,000 ಆಯಿತು.

ಸುಮಾ, ದಾವಣಗೆರೆ (ಏಪ್ರಿಲ್ 16)

ಇನ್ನೊಂದು ಗೊಂದಲ. ಇವತ್ತು ಒಂದು ಫೈನಾನ್ಸ್ ಕಡೆಯವರು ಫೋನ್ ಮಾಡಿದ್ದರು. "ನಾಲ್ಕೂವರೆ ಲಕ್ಷಕ್ಕೆ ಬರೀ 6 ಪರ್ಸೆಂಟ್, ಬ್ಯಾಂಕಿನವರು ಒಂಬತ್ತೂವರೆ ತಗೋತಾರೆ" ಅಂದರು. ಕಂತು 9,750. ಬಡ್ಡಿ ಇಷ್ಟು ಕಡಿಮೆ ಇದ್ದೂ ಬ್ಯಾಂಕಿಗಿಂತ ಕಂತು ಯಾಕೆ ಜಾಸ್ತಿ? ಬ್ಯಾಂಕಿನ ಲೆಕ್ಕದಲ್ಲಿ 9,451 ಬರುತ್ತಲ್ಲ?

ಕಿರಣ್, ಬೆಂಗಳೂರು

ಪ್ರೊಸೆಸಿಂಗ್ ಫೀ ಸೇರಿಸಿರುತ್ತಾರೆ, ಅದಕ್ಕೇ. ಬಡ್ಡಿ 6 ಇದ್ದರೆ ಅದೇ ಒಳ್ಳೆಯದು.

ಗುರುಪ್ರಸಾದ್, ಶಿವಮೊಗ್ಗ

ಇಲ್ಲ ಕಿರಣ್. ಇದು ಫ್ಲ್ಯಾಟ್ ಬಡ್ಡಿ. ನಾಲ್ಕೂವರೆ ಲಕ್ಷಕ್ಕೆ ವರ್ಷಕ್ಕೆ 27,000, ಐದು ವರ್ಷಕ್ಕೆ 1,35,000, ಅಸಲಿಗೆ ಕೂಡಿಸಿ 60 ಭಾಗ ಮಾಡಿ. ಸರಿಯಾಗಿ 9,750 ಬರುತ್ತೆ. ಅಂದರೆ ಕೊನೆಯ ವರ್ಷ ಬಾಕಿ ಒಂದು ಲಕ್ಷಕ್ಕಿಂತ ಕೆಳಗೆ ಇಳಿದಿರುವಾಗಲೂ ಪೂರ್ತಿ ನಾಲ್ಕೂವರೆ ಲಕ್ಷಕ್ಕೇ ಬಡ್ಡಿ ಕೊಡುತ್ತಿರುತ್ತೀರಿ. ಬ್ಯಾಂಕ್ ಹಾಕುವುದು ಉಳಿದ ಬಾಕಿಯ ಮೇಲೆ ಮಾತ್ರ.

ಸುಮಾ ಅವರೇ, ನಿಮ್ಮ ಆಫೀಸ್ ಕಂಪ್ಯೂಟರ್‌ನಲ್ಲಿ ಎಕ್ಸೆಲ್ ಇದ್ದರೆ ಒಂದು ಖಾನೆಯಲ್ಲಿ ಇದನ್ನು ಹಾಕಿ:

```
=RATE(60,-9750,450000)*12
```

10.85 ಪರ್ಸೆಂಟ್ ಹತ್ತಿರ ತೋರಿಸುತ್ತೆ. ಖಾನೆಯಲ್ಲಿ ಬರೀ 11 ಕಂಡರೆ ದಶಾಂಶ ಹೆಚ್ಚಿಸಿ. ಅದೇ ಅವರ ನಿಜವಾದ ಬಡ್ಡಿ. ಯಾರೇ ಕಂತು ಹೇಳಿದರೂ ಹೀಗೇ ತಿರುಗಿಸಿ ನೋಡಿ. ತಿಂಗಳ ಸಂಖ್ಯೆ, ಕಂತು, ಕೈಗೆ ಬರುವ ಹಣ, ಇಷ್ಟೇ ಬೇಕಾದ್ದು. ಪ್ರೊಸೆಸಿಂಗ್ ಫೀ ಹಿಡಿದುಕೊಂಡು ಕೊಟ್ಟರೆ ಮೂರನೇ ಸಂಖ್ಯೆಯಲ್ಲಿ ಅದನ್ನು ಕಳೆದು ಹಾಕಿ.

ಕಿರಣ್, ಬೆಂಗಳೂರು

ಹಾಕಿ ನೋಡಿದೆ. 10.85 ಬಂತು. ನಾನು ತಪ್ಪು ಹೇಳಿದ್ದೆ ಸುಮಾ ಅವರೇ, ಕ್ಷಮಿಸಿ. ಆದರೂ ಕಾರೇ ಬೇಡ ಅನ್ನುವುದು ನನ್ನ ಅಭಿಪ್ರಾಯ. 9 ಲಕ್ಷದ ಗಾಡಿಯನ್ನೇ 8 ವರ್ಷ ಇಟ್ಟುಕೊಂಡು 3.2 ಲಕ್ಷಕ್ಕೆ ಮಾರಿದರೆ, ಬೆಲೆ ಇಳಿದದ್ದು ತಿಂಗಳಿಗೆ 8,000. ಬಡ್ಡಿ 3,900. ಓಡಿಸುವ ಖರ್ಚು 8,800. ಒಟ್ಟು 20,700. ಅದನ್ನು 700ರಿಂದ ಭಾಗಿಸಿದರೆ ಕಿಲೋಮೀಟರಿಗೆ 29 ರೂಪಾಯಿ ದಾಟುತ್ತೆ. ಬಾಡಿಗೆ ಕಾರ್ ಇದಕ್ಕಿಂತ ಅಗ್ಗ ಅಲ್ವಾ?

ಶ್ರೀದೇವಿ, ಬೆಳಗಾವಿ

ಲೆಕ್ಕ ಸರಿ ಇರಬಹುದು ಕಿರಣ್. ಆದರೆ ರಾತ್ರಿ ಹನ್ನೊಂದಕ್ಕೆ ಅತ್ತೆಗೆ ಎದೆ ನೋವು ಬಂದರೆ ಹೊನ್ನಾಳಿ ರಸ್ತೆಯಲ್ಲಿ ಬಾಡಿಗೆ ಕಾರ್ ಎಲ್ಲಿ ಹುಡುಕುವುದು? ಕಾರ್ ಕಳೆದುಕೊಂಡ ಮೇಲೆ ನನಗೆ ಹೆಚ್ಚು ಕಾಡಿದ್ದು ಅದೇ.

ಇರ್ಫಾನ್, ಹುಬ್ಬಳ್ಳಿ

ಸಿಎನ್‌ಜಿ ಬಗ್ಗೆ ಯಾರೂ ಏನೂ ಹೇಳಲಿಲ್ಲ?

ಗುರುಪ್ರಸಾದ್, ಶಿವಮೊಗ್ಗ

ಇರ್ಫಾನ್ ಭಾಯ್, ನೀವು ತಿಂಗಳಿಗೆ ಎಷ್ಟು ಓಡಿಸುತ್ತೀರಿ?

ಇರ್ಫಾನ್, ಹುಬ್ಬಳ್ಳಿ

1,900 ಕಿಲೋಮೀಟರ್. ಔಷಧಿ ಕಂಪನಿ ಕೆಲಸ, ದಿನಾ ಗದಗ, ಹಾವೇರಿ. ಗಾಡಿಗೆ 95,000 ಜಾಸ್ತಿ ಕೊಟ್ಟಿದ್ದೆ, ಒಂದೂವರೆ ವರ್ಷದಲ್ಲಿ ವಾಪಸ್ ಬಂತು.

ಗುರುಪ್ರಸಾದ್, ಶಿವಮೊಗ್ಗ

ನಿಮಗೆ ಅದು ಸರಿಯಾದ ಗಾಡಿ. ಸುಮಾ ಅವರ 700 ಕಿಲೋಮೀಟರಿಗೆ ತಿಂಗಳಿಗೆ 2,100 ಉಳಿದರೆ ಆ 95,000 ವಾಪಸ್ ಬರಲು ನಾಲ್ಕು ವರ್ಷ ಹತ್ತಿರ ಬೇಕು. ಡಿಕ್ಕಿಯಲ್ಲಿ ಸಿಲಿಂಡರ್ ಜಾಗ ತಿಂದರೆ ಅತ್ತೆಯ ವಾಕರ್ ಎಲ್ಲಿಡುವುದು ಅಂತಲೂ ನೋಡಬೇಕು.

ಸುಮಾ ಅವರೇ, ಒಂದು ಕೆಲಸ ಮಾಡಿ. ಬುಕ್ ಮಾಡುವ ಮೊದಲು ಎರಡು ತಿಂಗಳು ಕಾರಿಲ್ಲದೆ ಕಾರಿನ ಖರ್ಚು ಕಟ್ಟಿ ನೋಡಿ. ಯಜಮಾನರಿಗೆ ಇಷ್ಟವಾದ ದೊಡ್ಡ ಗಾಡಿಯ ಲೆಕ್ಕವೇ ಇರಲಿ. ಸಂಬಳ ಬಂದ ದಿನವೇ 22,600 ಬೇರೆ ಖಾತೆಗೆ ಹಾಕಿ, ಆ ಕಾರ್ಡನ್ನು ಬೀರುವಿನಲ್ಲಿಡಿ. ಕಾಗದದ ಲೆಕ್ಕದಲ್ಲಿ ಮರೆತದ್ದೆಲ್ಲ ಆ ಎರಡು ತಿಂಗಳಲ್ಲಿ ಹೊರಗೆ ಬರುತ್ತೆ.

ಸುಮಾ, ದಾವಣಗೆರೆ (ಜೂನ್ 21)

ಎಲ್ಲರಿಗೂ ನಮಸ್ಕಾರ. ಮಾಡಿ ನೋಡಿದೆವು.

ಮೇ ತಿಂಗಳು ನಡೆಯಿತು. ಆದರೆ ಆರ್‌ಡಿ ಕಟ್ಟಲಾಗಲಿಲ್ಲ. ಜೂನ್ 4ಕ್ಕೆ ಮಗಳ ಶಾಲೆಯಿಂದ ಫೀಸ್ ಚೀಟಿ ಬಂತು, 42,000. ನನಗೆ ಆಗ ಹೊಳೆಯಿತು. 31,000 ಮನೆ ಖರ್ಚು ಅಂತ ಇಲ್ಲಿ ಬರೆದೆನಲ್ಲ, ಅದರಲ್ಲಿ ಶಾಲೆ ಫೀಸ್ ಸೇರಿಸಿಯೇ ಇರಲಿಲ್ಲ. ಪ್ರತಿ ವರ್ಷ ಯಜಮಾನರ ಕಾಲೇಜಿನ ಪರೀಕ್ಷಾ ಕೆಲಸದ ಹಣದಲ್ಲಿ ಕಟ್ಟುತ್ತಿದ್ದೆವು, ಈ ಸಲ ಅದು ಇನ್ನೂ ಬಂದಿಲ್ಲ. ಕಾರಿನ ಖಾತೆಯಿಂದಲೇ ತೆಗೆದು ಕಟ್ಟಿದೆವು. ಬೀರುವಿನಿಂದ ಕಾರ್ಡ್ ತೆಗೆದವರು ಯಜಮಾನರೇ. "ಗಾಡಿ ಬಂದಿದ್ದರೆ ಇದನ್ನು ಎಲ್ಲಿಂದ ತರುತ್ತಿದ್ದೆವು" ಅಂತ ಅವರೇ ಕೇಳಿದರು.

ಫೀಸ್ ತಿಂಗಳಿಗೆ ಹಂಚಿದರೆ 3,500. ಅಂದರೆ ನಮ್ಮಲ್ಲಿ ಉಳಿಯುವುದು 17,000 ಅಲ್ಲ, 13,500. ಸರ್, ನಿಮ್ಮ ಹಾಳೆಯನ್ನೇ ಮತ್ತೆ ಮಾಡಿದೆ. ಕಂತಿಗೆ 6,000 ಮಾತ್ರ ಉಳಿಯುತ್ತೆ. ಸಾಲ 2,85,000. ಎಫ್‌ಡಿಯ ಎರಡು ಲಕ್ಷ ಸೇರಿ 4,85,000. ಸರಿ ಇದೆಯಾ?

ಗುರುಪ್ರಸಾದ್, ಶಿವಮೊಗ್ಗ

ಪೂರ್ತಿ ಸರಿ. ಎರಡು ದಾರಿ ಇವೆ. ಈಗಲೇ ಬೇಕು ಅಂದರೆ ನಾಲ್ಕೈದು ವರ್ಷ ಓಡಿದ ಒಳ್ಳೆಯ ಹ್ಯಾಚ್‌ಬ್ಯಾಕ್. ರಸ್ತೆ ತೆರಿಗೆ ಮೊದಲಿನವರೇ ಕಟ್ಟಿರುತ್ತಾರೆ, ಬೆಲೆ ಬೇಗ ಇಳಿಯುವ ವರ್ಷಗಳೂ ಅವರ ಪಾಲಿಗೇ ಹೋಗಿರುತ್ತವೆ. ಆದರೆ ಹಳೇ ಗಾಡಿಗೆ ಸಾಲದ ಬಡ್ಡಿ ಜಾಸ್ತಿ, ರಿಪೇರಿಗೂ ತಿಂಗಳಿಗೆ ಸಾವಿರ ಹೆಚ್ಚು ಇಡಬೇಕು.

ಇಲ್ಲ ಅಂದರೆ ಹತ್ತು ತಿಂಗಳು ಕಾಯಿರಿ. 13,500 ಹಾಗೇ ಎತ್ತಿಡುತ್ತಾ ಹೋದರೆ 1,35,000. ಕಂತು ಅದೇ 6,000, ಆದರೆ ಗಾಡಿ 6,20,000ದ್ದು.

ಮಂಜುನಾಥ್, ಹಾಸನ

ನಾನಾದರೆ ಹಳೇ ಗಾಡಿ ಕೈ ಹಾಕಲ್ಲ. 2025ರ ಸೆಪ್ಟೆಂಬರ್ 22ಕ್ಕೆ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ 18ಕ್ಕೆ ಇಳಿಯಿತು. ಹೊಸದರ ಬೆಲೆ ಇಳಿದರೂ ಹಳೇದು ಮಾರುವವರು ಕೆಲವರು ಹಳೇ ಬೆಲೆಯನ್ನೇ ಹಿಡಿದುಕೊಂಡು ಕೂತಿದ್ದಾರೆ.

ಶ್ರೀದೇವಿ, ಬೆಳಗಾವಿ

ನಾನು ಒಪ್ಪಲ್ಲ. ಈಗ ನಮ್ಮ ಹತ್ತಿರ ಇರುವುದು ಐದು ವರ್ಷದ ಹಳೇ ಗಾಡಿಯೇ. ಸರ್ವಿಸ್ ದಾಖಲೆ ಪೂರ್ತಿ ಇದ್ದದ್ದನ್ನೇ ಹುಡುಕಿ, ನಮ್ಮ ಮೆಕ್ಯಾನಿಕ್ ಕರೆದುಕೊಂಡು ಹೋಗಿ ನೋಡಿಸಿ ತಗೊಂಡೆವು. ಸಾಲ ಇಲ್ಲ, ನಿದ್ದೆ ಬರುತ್ತೆ.

ಸುಮಾ, ದಾವಣಗೆರೆ

ಯಜಮಾನರಿಗೆ ಹೊಸದೇ ಬೇಕು, ನನಗೆ ಹಳೇದಾದರೂ ಪರವಾಗಿಲ್ಲ. ಅದು ಇನ್ನೂ ತೀರ್ಮಾನ ಆಗಿಲ್ಲ. ಆದರೆ ಏಪ್ರಿಲ್‌ವರೆಗೆ ಕಾಯುವುದು ಅಂತ ಇಬ್ಬರೂ ಒಪ್ಪಿದ್ದೇವೆ. ಅಲ್ಲಿಯವರೆಗೆ ಫಿಸಿಯೋಥೆರಪಿಗೆ ಪಕ್ಕದ ಬೀದಿಯ ಟ್ಯಾಕ್ಸಿಯವರನ್ನು ಗೊತ್ತು ಮಾಡಿದ್ದೇವೆ, ಹೋಗಿ ಬರಲು 350. ತಿಂಗಳಿಗೆ 2,800 ಆಗುತ್ತೆ. ಅತ್ತೆಗೆ ಆಟೋ ಹತ್ತುವ ಕಷ್ಟ ತಪ್ಪಿತು.

ಭಾನುವಾರ ಅವರನ್ನು ಶೋರೂಮ್‌ಗೆ ಕರೆದುಕೊಂಡು ಹೋಗಿದ್ದೆ, ಕೊಳ್ಳಲು ಅಲ್ಲ, ಕೂತು ನೋಡಲು. ಒಂದು ಸಣ್ಣ ಕಾರಿನ ಸೀಟು ತೀರಾ ಕೆಳಗಿತ್ತು, ಏಳಲು ಆಗಲಿಲ್ಲ. ಇನ್ನೊಂದು ಸ್ವಲ್ಪ ಎತ್ತರದ್ದು, ಬಾಗಿಲು ಹಿಡಿದು ತಾವೇ ಇಳಿದರು. ಅದರ ಎಕ್ಸ್-ಶೋರೂಮ್ ಬೆಲೆ ಬರೆದುಕೊಂಡು ಬಂದಿದ್ದೇನೆ, 5,08,000. ತೆರಿಗೆ 78,900, ಇನ್ಶೂರೆನ್ಸ್ 31,000 ಅಂದರು. ಮೇಲೆ "ಬೇಸಿಕ್ ಕಿಟ್" 14,900 ಅಂತ ಪೆನ್ಸಿಲ್‌ನಲ್ಲಿ ಸೇರಿಸಿದ್ದಾರೆ. ಅದು ಬೇಡ ಅನ್ನಬಹುದಾ ಸರ್?

ಗುರುಪ್ರಸಾದ್, ಶಿವಮೊಗ್ಗ

ಬೇಡ ಅನ್ನಿ. ಮ್ಯಾಟ್, ಮಡ್‌ಫ್ಲಾಪ್, ಸೀಟ್ ಕವರ್ ಇರುತ್ತೆ ಅದರಲ್ಲಿ. ಹೊರಗಡೆ ಬೇಕಾದ್ದಷ್ಟೇ ಹಾಕಿಸಿಕೊಳ್ಳಿ. ಇನ್ಶೂರೆನ್ಸ್ ಕೂಡ ಅವರ ಹತ್ತಿರವೇ ಮಾಡಿಸಬೇಕು ಅಂತ ಇಲ್ಲ, ಬೇರೆ ಎರಡು ಕಡೆ ಕೇಳಿ ಆ ಚೀಟಿ ತೋರಿಸಿ. ಆ 31,000 ಇನ್ನೂ ಕೆಳಗೆ ಇಳಿಯುತ್ತೆ.

ಸುಮಾ, ದಾವಣಗೆರೆ

ಆಯ್ತು ಸರ್. ಜುಲೈ 1ಕ್ಕೆ ಮೊದಲ 13,500 ಹಾಕುತ್ತೇನೆ.